ಅಂಕಣ ದೊಡ್ಡದಾದಾಗ: ಕಂಬಿಯ ಕಾಂಕ್ರೀಟು, ಬಿಗಿದ ಕಾಂಕ್ರೀಟು



ನಮ್ಮ ಹಳೆಯ ಮನೆಗಳ ಅಳತೆಯಲ್ಲಿ ಅಂಕಣ ಎಂಬ ಮಾತಿದೆ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಅದು ಎಷ್ಟು ಅಗಲವಿರಬೇಕು ಎಂಬುದನ್ನು ಯಜಮಾನನ ಆಸೆ ಗೊತ್ತುಮಾಡುತ್ತಿರಲಿಲ್ಲ, ಸಿಕ್ಕ ಮರದ ತೊಲೆ ಗೊತ್ತುಮಾಡುತ್ತಿತ್ತು. ತೊಲೆ ಬಾಗದೆ ಎಷ್ಟು ದೂರ ಹೋಗಬಲ್ಲದೋ ಅಷ್ಟಕ್ಕೆ ಇನ್ನೊಂದು ಕಂಬ ಬರಲೇಬೇಕು. ಕಾಂಕ್ರೀಟು ಬಂದ ಮೇಲೂ ಪ್ರಶ್ನೆ ಅದೇ ಉಳಿದಿದೆ. ಹಳ್ಳವೊಂದನ್ನು ದಾಟುವ ಸೇತುವೆಗೆ, ಅಡ್ಡರಸ್ತೆಯ ಮೇಲೆ ಹಾಯುವ ಮೇಲ್ಸೇತುವೆಗೆ ಅಂಕಣ ಎಷ್ಟಿರಲಿ, ತೊಲೆ ಯಾವುದಿರಲಿ? ಸಾಮಾನ್ಯ ಆರ್‌ಸಿಸಿ ಸಾಕೆ, ಅಥವಾ ಒಳಗಿನ ಉಕ್ಕನ್ನು ಜಾಕಿನಿಂದ ಎಳೆದು ಬಿಗಿದ ಪ್ರಿಸ್ಟ್ರೆಸ್ಡ್ ಕಾಂಕ್ರೀಟು ಬೇಕೆ? ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ಮಾದರಿ ನಕ್ಷೆಗಳನ್ನು ನೋಡಿದರೆ ಒಂದು ಉತ್ತರ ಕಾಣುತ್ತದೆ. 10 ಮೀಟರಿನವರೆಗೆ ಬರೀ ಆರ್‌ಸಿಸಿ ಹಲಗೆ, 10ರಿಂದ 24 ಮೀಟರಿನವರೆಗೆ ಆರ್‌ಸಿಸಿ ತೊಲೆ ಮತ್ತು ಹಲಗೆ, 30, 35, 40 ಮೀಟರಿಗೆ ಪ್ರಿಸ್ಟ್ರೆಸ್ಡ್ ಗರ್ಡರು. ಗಡಿ 25 ಮೀಟರಿನ ಆಸುಪಾಸಿನಲ್ಲಿದೆ. ಅಂಕಿ ಸರಿಯೇ. ಆದರೆ ಅದರ ಕಾರಣವನ್ನು ‘ಬಿಗಿದ ಕಾಂಕ್ರೀಟು ಹೆಚ್ಚು ಗಟ್ಟಿ’ ಎಂದು ಹೇಳಿ ಮುಗಿಸುವುದು ತಪ್ಪೆಂದು ನಾನು ವಾದಿಸಬೇಕಾಗಿದೆ. ಈ ಗಡಿಯನ್ನು ಎಳೆಯುವುದು ತೊಲೆಯ ಸ್ವಂತ ತೂಕ. ಅದು ಮನಸ್ಸಿಗೆ ಬಂದರೆ ಗಡಿಯನ್ನು ಯಾವಾಗ ಆಚೆಗೆ ಸರಿಸಬೇಕು, ಯಾವಾಗ ಈಚೆಗೆ ಎಳೆಯಬೇಕು ಎಂಬುದೂ ತಿಳಿಯುತ್ತದೆ.

ಮೊದಲು ಆರ್‌ಸಿಸಿ ತೊಲೆ ದುಡಿಯುವ ಬಗೆಯನ್ನು ನೋಡೋಣ. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಒತ್ತನ್ನು ಕಾಂಕ್ರೀಟು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಕೆಳಗೆ ಕಂಬಿ ಹಾಕುವುದು ಅದಕ್ಕೇ. ಆದರೆ ಕಂಬಿ ತನ್ನ ಕೆಲಸ ಶುರುಮಾಡಬೇಕಾದರೆ ಅದು ಹಿಗ್ಗಬೇಕು, ಅದು ಹಿಗ್ಗಿದರೆ ಸುತ್ತಲಿನ ಕಾಂಕ್ರೀಟು ಬಿರುಕು ಬಿಡಲೇಬೇಕು. ಆರ್‌ಸಿಸಿಯಲ್ಲಿ ಕೂದಲೆಳೆಯ ಬಿರುಕು ದೋಷವಲ್ಲ, ಅದು ದುಡಿಯುವ ರೀತಿಯೇ ಹಾಗೆ. ಅದನ್ನು ಮಿತಿಯಲ್ಲಿ ಇಡುವುದಷ್ಟೇ ವಿನ್ಯಾಸಕಾರನ ಹೊಣೆ. ಇಂದಿನ ಕಂಬಿಯ ಮೇಲೆ ದಿನಬಳಕೆಯ ಭಾರದಲ್ಲಿ ಚದರ ಮಿಲಿಮೀಟರಿಗೆ ಸುಮಾರು 24 ಕಿಲೊ ಎಳೆತ ಬೀಳುತ್ತದೆಂದು ಇಟ್ಟುಕೊಳ್ಳಿ. ಆಗ ಒಂದು ಮೀಟರ್ ಕಂಬಿ 1.2 ಮಿ.ಮೀ.ನಷ್ಟು ಉದ್ದವಾಗುತ್ತದೆ. ಆ ಒಂದು ಮೀಟರಿನಲ್ಲಿ ಆರು ಬಿರುಕು ಹಂಚಿಕೊಂಡರೆ ಒಂದೊಂದೂ 0.2 ಮಿ.ಮೀ., ನಮ್ಮ ಐಎಸ್ 456 ಸಂಹಿತೆ ಸಾಮಾನ್ಯವಾಗಿ ಒಪ್ಪುವ 0.3ರ ಒಳಗೇ ಇದೆ. ಈಗ ನಾಲ್ಕು ಪಟ್ಟು ಬಲದ ಉಕ್ಕನ್ನು ಹಾಕಿ ಕಾಲು ಭಾಗ ಕಂಬಿಯಲ್ಲೇ ಕೆಲಸ ಮುಗಿಸೋಣ ಎಂದು ಯಾರಾದರೂ ಹೊರಟರೆ ಏನಾಗುತ್ತದೆ? ಉಕ್ಕಿನ ಬಲ ಹೆಚ್ಚಿದರೂ ಹಿಗ್ಗುವ ಗುಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚದರ ಮಿ.ಮೀ.ಗೆ 110 ಕಿಲೊ ಎಳೆತದಲ್ಲಿ ಅದು ಮೀಟರಿಗೆ 5.5 ಮಿ.ಮೀ. ಹಿಗ್ಗುತ್ತದೆ, ಬಿರುಕು ಒಂದೊಂದೂ ಒಂದು ಮಿ.ಮೀ.ನ ಹತ್ತಿರ ಬಾಯಿ ಬಿಡುತ್ತದೆ. ನೀರು ಒಳಹೋಗುತ್ತದೆ, ತೊಲೆ ಕಣ್ಣಿಗೆ ಕಾಣುವಷ್ಟು ಜೋಲುತ್ತದೆ. ಹಾಗಾಗಿ ಸುಮ್ಮನೆ ಹುದುಗಿಸಿಟ್ಟ ಕಂಬಿಯಾಗಿ ಆ ಉಕ್ಕು ಉಪಯೋಗಕ್ಕೆ ಬಾರದು. ಅದನ್ನು ಬಳಸಬೇಕಾದರೆ ಅದು ಹಿಗ್ಗಬೇಕಾದಷ್ಟನ್ನು ಮೊದಲೇ ಹಿಗ್ಗಿಸಿ, ಆ ಎಳೆತದ ಪ್ರತಿಫಲವನ್ನು ಕಾಂಕ್ರೀಟಿನ ಮೇಲೆ ಒತ್ತಾಗಿ ಕೂರಿಸಬೇಕು. ಬಂಡಿಯ ಮರದ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ಏರಿಸಿ ನೀರು ಹೊಯ್ಯುವ ನಮ್ಮ ಕಮ್ಮಾರರು ಮಾಡುತ್ತಿದ್ದುದೂ ಇದನ್ನೇ. ಪಟ್ಟಿ ತಣಿದು ಕುಗ್ಗಿದಾಗ ಮರದ ತುಂಡುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ.

ಈ ಉಪಾಯ ಹೊಳೆದದ್ದು ತಡವಾಗಿಯೇನಲ್ಲ. 19ನೆಯ ಶತಮಾನದ ಕೊನೆಯಲ್ಲೇ ಅಮೆರಿಕದ ಜಾಕ್ಸನ್, ಜರ್ಮನಿಯ ಡೋಹ್ರಿಂಗ್ ಇಬ್ಬರೂ ಕಂಬಿಯನ್ನು ಎಳೆದು ಬಿಗಿಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಅವು ಫಲಿಸಲಿಲ್ಲ. ಏಕೆ ಫಲಿಸಲಿಲ್ಲ ಎಂಬುದನ್ನು ಕಂಡುಕೊಂಡವರು ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆ. 1910ರ ಆಸುಪಾಸಿನಲ್ಲಿ ಅವರು ಆಲ್ಯೆ ನದಿಗೆ ವರ್ಡ್ರ್ ಎಂಬಲ್ಲಿ ಬಹಳ ಚಪ್ಪಟೆಯಾದ ಮೂರು ಕಮಾನುಗಳ ಸೇತುವೆ ಕಟ್ಟಿದರು. ತೆರೆದ ಕೆಲವೇ ತಿಂಗಳಲ್ಲಿ ಕಮಾನುಗಳ ನೆತ್ತಿ ಕೆಳಗಿಳಿಯತೊಡಗಿತು. ಭಾರ ಹೆಚ್ಚಿರಲಿಲ್ಲ, ಅದೇ ಭಾರದ ಕೆಳಗೆ ಕಾಂಕ್ರೀಟು ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ಫ್ರೆಸಿನೆ ನೆತ್ತಿಯಲ್ಲಿ ಜಾಕ್ ಇಟ್ಟು ಕಮಾನುಗಳನ್ನು ಮತ್ತೆ ಮೇಲೆತ್ತಿ ಸೇತುವೆಯನ್ನು ಉಳಿಸಿದರು. ನಿಂತ ಭಾರದಡಿಯಲ್ಲಿ ಕಾಂಕ್ರೀಟು ವರ್ಷಗಟ್ಟಲೆ ನಿಧಾನವಾಗಿ ಸೋಲುತ್ತದೆ ಎಂಬ ಈ ಪಾಠವನ್ನು, ಎಂಜಿನಿಯರರು ಕ್ರೀಪ್ ಎನ್ನುವುದನ್ನು, ಅವರು ಮರೆಯಲಿಲ್ಲ. ಲೆಕ್ಕ ಸುಲಭವಾಗಿದೆ. ಬಿಗಿದಾಗಿನ ಕುಗ್ಗುವಿಕೆ, ಒಣಗುವಿಕೆ, ಕ್ರೀಪ್ ಎಲ್ಲ ಸೇರಿ ಕಾಂಕ್ರೀಟು ಮೀಟರಿಗೆ ಸುಮಾರು 0.8 ಮಿ.ಮೀ. ಕುಗ್ಗುತ್ತದೆ ಎನ್ನೋಣ. ಒಳಗಿನ ಉಕ್ಕೂ ಅಷ್ಟೇ ಸಡಿಲವಾಗುತ್ತದೆ, ಚದರ ಮಿ.ಮೀ.ಗೆ 16 ಕಿಲೊ ಎಳೆತ ಕಳೆದುಕೊಳ್ಳುತ್ತದೆ. ಹಳೆಯ ಮೆದು ಉಕ್ಕನ್ನು ಎಳೆಯಬಹುದಾಗಿದ್ದುದೇ ಸುಮಾರು 14 ಕಿಲೊವರೆಗೆ. ಬಿಗಿದದ್ದೆಲ್ಲ ಒಂದೆರಡು ವರ್ಷದಲ್ಲಿ ಸೋರಿಹೋಗುತ್ತಿತ್ತು. ಅದೇ 16 ಕಿಲೊ ನಷ್ಟವನ್ನು 140 ಕಿಲೊಗೆ ಎಳೆದ ಗಟ್ಟಿ ತಂತಿಯಿಂದ ಕಳೆಯಿರಿ, ಬಹುಪಾಲು ಉಳಿಯುತ್ತದೆ. ತಂತಿ ತಾನೇ ತುಸು ಸಡಿಲಗೊಳ್ಳುವುದು, ಕೊಳವೆಯೊಳಗಿನ ಉಜ್ಜಾಟ ಎಲ್ಲ ಸೇರಿಸಿದರೂ ನಷ್ಟ ಐದನೆಯ ಒಂದು ಭಾಗದಿಂದ ಕಾಲು ಭಾಗದ ಒಳಗೆ ನಿಲ್ಲುತ್ತದೆ. 1928ರಲ್ಲಿ ಫ್ರೆಸಿನೆ ಪೇಟೆಂಟ್ ಪಡೆದದ್ದು ಈ ತಿಳಿವಳಿಕೆಯ ಮೇಲೆ. ಗಟ್ಟಿ ಉಕ್ಕಿಲ್ಲದೆ ಬಿಗಿತವಿಲ್ಲ, ಬಿಗಿತವಿಲ್ಲದೆ ಗಟ್ಟಿ ಉಕ್ಕಿಗೆ ಕೆಲಸವಿಲ್ಲ. ಎರಡೂ ಒಂದಕ್ಕೊಂದು ಗಂಟುಬಿದ್ದಿವೆ.

ಈಗ ಸ್ವಂತ ತೂಕಕ್ಕೆ ಬರೋಣ. ಒಂದೇ ಸಮನಾದ ಭಾರ ಹೊತ್ತ ತೊಲೆಯ ನಡುವಿನ ಬಾಗು ಅಂಕಣದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂಕಣ ಎರಡು ಪಟ್ಟಾದರೆ ಬಾಗು ನಾಲ್ಕು ಪಟ್ಟು. ಆದರೆ ಅಂಕಣ ಎರಡು ಪಟ್ಟಾದಾಗ ತೊಲೆಯ ಎತ್ತರವನ್ನೂ ಹೆಚ್ಚುಕಡಿಮೆ ಎರಡು ಪಟ್ಟು ಮಾಡಬೇಕು, ಹಾಗೆ ಮಾಡಿದರೆ ತೊಲೆಯ ತೂಕವೂ ಎರಡು ಪಟ್ಟಾಗುತ್ತದೆ. ಎಂದರೆ ಸ್ವಂತ ತೂಕದಿಂದ ಬರುವ ಬಾಗು ಎಂಟು ಪಟ್ಟು. ಇತ್ತ ಲಾರಿ ಬಸ್ಸುಗಳ ಭಾರ ಅಂಕಣ ಬೆಳೆದಷ್ಟು ಬೆಳೆಯುವುದಿಲ್ಲ. ಹೀಗಾಗಿ ಆರ್‌ಸಿಸಿ ತೊಲೆ ಒಂದು ಅಂಕಣ ದಾಟಿದ ಮೇಲೆ ತನ್ನ ಬಲದ ಬಹುಪಾಲನ್ನು ತನ್ನನ್ನು ಹೊರುವುದಕ್ಕೇ ಸುರಿಯುತ್ತದೆ. ಅದರ ಕೆಳಭಾಗದ ಬಿರುಕುಬಿಟ್ಟ ಕಾಂಕ್ರೀಟು ಬಾಗನ್ನು ತಡೆಯುವುದರಲ್ಲಿ ಪಾಲುಗೊಳ್ಳದೆ ಹೊರೆಯಾಗಿ ತೂಗುತ್ತಿರುತ್ತದೆ. ಬಿಗಿದ ತೊಲೆಯಲ್ಲಿ ಇದು ಬೇರೆಯಾಗುತ್ತದೆ. ಕೇಬಲನ್ನು ನೇರ ಇಡದೆ ತೂಗುಮಂಚದ ಹಗ್ಗದಂತೆ ನಡುವೆ ಇಳಿಬಿಟ್ಟು ಎಳೆದರೆ, ಅದು ನೇರವಾಗಲು ಹವಣಿಸುತ್ತಾ ತೊಲೆಯನ್ನು ಉದ್ದಕ್ಕೂ ಮೇಲಕ್ಕೆ ಎತ್ತುತ್ತದೆ. ಎಳೆತ P, ನಡುವಿನ ಇಳಿತ e, ಅಂಕಣ L ಆದರೆ ಮೀಟರಿಗೆ ಎತ್ತುವ ಬಲ w = 8Pe/L². 1960ರ ದಶಕದಲ್ಲಿ ಟಿ.ವೈ. ಲಿನ್ ಈ ನೋಟವನ್ನು ಎಂಜಿನಿಯರರ ನಡುವೆ ರೂಢಿಗೆ ತಂದರು. ಕೇಬಲು ಸ್ವಂತ ತೂಕವನ್ನು ಎತ್ತಿ ಹಿಡಿದರೆ ತೊಲೆಗೆ ಉಳಿಯುವ ಹೊರೆ ಓಡಾಡುವ ವಾಹನಗಳದ್ದಷ್ಟೇ.

30 ಮೀಟರ್ ಅಂಕಣದ, 12 ಮೀಟರ್ ಅಗಲದ ಸೇತುವೆಯೊಂದನ್ನು ತೆಗೆದುಕೊಂಡು ಇದನ್ನು ಅಂದಾಜು ಅಂಕಿಗಳಲ್ಲಿ ನೋಡೋಣ. ನಾಲ್ಕು ಗರ್ಡರುಗಳಿವೆ, ಒಂದೊಂದರ ಪಾಲಿಗೆ 3 ಮೀಟರ್ ಹಲಗೆ ಬರುತ್ತದೆ. ಆರ್‌ಸಿಸಿಯಲ್ಲಿ ಕಟ್ಟಿದರೆ ಹಲಗೆ ಸೇರಿ 2.5 ಮೀಟರ್ ಎತ್ತರ ಬೇಕಾದೀತು, ಮೀಟರಿಗೆ 4 ಟನ್ ತೂಕ. ಡಾಂಬರು, ಅಂಚಿನ ತಡೆಗೋಡೆಗೆ 0.8 ಟನ್. ವಾಹನಗಳಿಗೆ 2.2 ಟನ್ ಎಂದು ಹಿಡಿಯೋಣ. ಒಟ್ಟು 7 ಟನ್, ಅದರಲ್ಲಿ ಜನರಿಗೆ ಉಪಯೋಗವಾಗುವ ಪಾಲು ಮೂರನೆಯ ಒಂದಕ್ಕಿಂತ ಕಡಿಮೆ. ಈ ಭಾರಕ್ಕೆ ನಡುವೆ ಸುಮಾರು 788 ಟನ್-ಮೀಟರ್ ಬಾಗು ಬರುತ್ತದೆ, ಅದನ್ನು ತಡೆಯಲು ಕಂಬಿಗಳು 375 ಟನ್ ಎಳೆಯಬೇಕು. 32 ಮಿ.ಮೀ.ನ 20 ಕಂಬಿಗಳಾದವು, ಮೀಟರಿಗೆ 126 ಕಿಲೊ ಉಕ್ಕು. ಇಷ್ಟನ್ನು ಐದು ಪದರದಲ್ಲಿ ಜೋಡಿಸಲು ತೊಲೆಯ ಬುಡವನ್ನು ದಪ್ಪ ಮಾಡಬೇಕು, ದಪ್ಪ ಮಾಡಿದಷ್ಟೂ ತೂಕ. ಕಂಬಿಗಳ ಸಂದಿಯಲ್ಲಿ ವೈಬ್ರೇಟರ್ ಇಳಿಯದೆ ಜೇನುಗೂಡಿನಂತೆ ಪೊಳ್ಳು ಬಿದ್ದ ಕಾಂಕ್ರೀಟು ಕಾಣುವುದು ಇಂಥ ತೊಲೆಗಳಲ್ಲೇ ಹೆಚ್ಚು. ಇದನ್ನೇ ಬಿಗಿದ ಕಾಂಕ್ರೀಟಿನಲ್ಲಿ ಮಾಡಿದರೆ ಎತ್ತರ 2 ಮೀಟರ್ ಸಾಕು, ತೂಕ ಮೀಟರಿಗೆ 3.2 ಟನ್. 15.2 ಮಿ.ಮೀ.ನ ಒಂದು ಎಳೆ, ಏಳು ತಂತಿ ಹೆಣೆದದ್ದು, ಮುರಿಯುವುದು 26 ಟನ್ನಿಗೆ. ಎಳೆದು, ನಷ್ಟಗಳೆಲ್ಲ ಕಳೆದ ಮೇಲೆ 15 ಟನ್ ಉಳಿಯುತ್ತದೆಂದು ಇಟ್ಟುಕೊಳ್ಳಿ. ಹನ್ನೆರಡು ಎಳೆಗಳ ಮೂರು ಕೇಬಲು ಹಾಕಿದರೆ 540 ಟನ್. ನಡುವೆ 1 ಮೀಟರ್ ಇಳಿತವಿದ್ದರೆ ಮೇಲೆತ್ತುವ ಬಲ ಮೀಟರಿಗೆ 4.8 ಟನ್. ನಿಂತ ಭಾರವೆಲ್ಲ ಸೇರಿ ಇರುವುದೇ 4 ಟನ್! ಖಾಲಿ ಸೇತುವೆ ತುಸು ಮೇಲಕ್ಕೇ ಬಾಗಿ ನಿಲ್ಲುತ್ತದೆ. ವಾಹನಗಳು ತುಂಬಿದಾಗಲೂ ತೊಲೆ ಹೊರಬೇಕಾದದ್ದು 6.2ರಲ್ಲಿ 4.8 ಕಳೆದು ಉಳಿದ 1.4 ಟನ್. ಆಗ ಬುಡದಲ್ಲಿ ಚದರ ಸೆಂ.ಮೀ.ಗೆ 38 ಕಿಲೊ ಎಳೆತ ಹುಟ್ಟಿದರೆ, ಕೇಬಲು ಮೊದಲೇ ಕೂರಿಸಿದ 43 ಕಿಲೊ ಒತ್ತು ಅದನ್ನು ನುಂಗುತ್ತದೆ. ಬಿರುಕು ಬೀಳಲು ಕಾರಣವೇ ಉಳಿಯುವುದಿಲ್ಲ. ನಿಜವಾದ ವಿನ್ಯಾಸದಲ್ಲಿ ಗರ್ಡರೊಂದೇ ಹಸಿ ಹಲಗೆಯನ್ನು ಹೊರುವ ಹಂತ, ಎರಡು ಕಂತಿನಲ್ಲಿ ಎಳೆಯುವ ಕ್ರಮ ಎಲ್ಲವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ಆದರೂ ಚಿತ್ರ ಇದೇ.

ಹಾಗಾದರೆ ಉಳಿತಾಯ ಎಲ್ಲಿಂದ? ಉಕ್ಕಿನಿಂದ ಎಂದು ಬಹಳ ಜನ ಭಾವಿಸುತ್ತಾರೆ. ಕೇಬಲಿನ ತೂಕ ಮೀಟರಿಗೆ 40 ಕಿಲೊ, ಕಂಬಿಯದು 126. ಆದರೆ ಕೇಬಲಿನ ದರದ ಮೇಲೆ ಕೊಳವೆ, ಆಂಕರ್, ಜಾಕ್, ಎಳೆಯುವ ತಂಡ, ಗ್ರೌಟ್ ಎಲ್ಲದರ ಖರ್ಚು ಕೂಡಬೇಕು. ಕೆಲಸ ಮುಗಿಯುವಾಗ ಕಿಲೊ ಲೆಕ್ಕದಲ್ಲಿ ಅದು ಕಂಬಿಯ ಮೂರು ಪಟ್ಟಾಯಿತೆಂದು ಹಿಡಿದರೆ ಎರಡೂ ಸರಿಸಮ! ಎರಡರಲ್ಲೂ ಬೇಕಾಗುವ ರಿಂಗು, ಸಣ್ಣ ಕಂಬಿಗಳನ್ನು ನಾನಿಲ್ಲಿ ಸೇರಿಸಿಲ್ಲ. ಮುಖ್ಯ ಉಕ್ಕಿನ ಬಾಬ್ತಿನಲ್ಲಿ 30 ಮೀಟರಿಗೂ ಗೆಲುವಿಲ್ಲ ಎಂದ ಮೇಲೆ ಗೆಲುವು ತೂಕದಲ್ಲಿದೆ, ಎತ್ತರದಲ್ಲಿದೆ. ಗರ್ಡರೊಂದಕ್ಕೆ 24 ಟನ್, ನಾಲ್ಕಕ್ಕೆ 96 ಟನ್ ಕಡಿಮೆಯಾಯಿತು. ಅಷ್ಟೂ ಬೇರಿಂಗಿನಿಂದ, ಕಂಬದಿಂದ, ಅಡಿಪಾಯದಿಂದ, ಭೂಕಂಪದ ಲೆಕ್ಕದಿಂದ ಇಳಿಯುವ ಭಾರ. ಅರ್ಧ ಮೀಟರ್ ಎತ್ತರ ಉಳಿದದ್ದೂ ಸಣ್ಣದಲ್ಲ. 30ಕ್ಕೆ 1ರ ಏರಿನಲ್ಲಿ ಅದು ಎರಡೂ ಬದಿಗೆ ಹದಿನೈದು ಹದಿನೈದು ಮೀಟರ್ ಏರುದಾರಿಯನ್ನು ಉಳಿಸುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಆ ಮೂವತ್ತು ಮೀಟರೆಂದರೆ ಎಷ್ಟೋ ಅಂಗಡಿಗಳ ಮುಂಬಾಗಿಲು. ನಮ್ಮ ಮೆಟ್ರೊದ ಎತ್ತರಿಸಿದ ಹಾದಿಯ ಬಹುಭಾಗ ಅಚ್ಚಿನಲ್ಲಿ ಎರಕವಾದ ಪೆಟ್ಟಿಗೆಯಾಕಾರದ ತುಂಡುಗಳನ್ನು ಕೇಬಲಿನಿಂದ ಪೋಣಿಸಿ ಬಿಗಿದದ್ದು. ಕೆಳಗೆ ಸಂಚಾರ ನಿಲ್ಲಿಸಿ ನೆಲದಿಂದ ಸೆಂಟ್ರಿಂಗ್ ಕಟ್ಟುವ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಆಯ್ಕೆಗೆ ಇನ್ನೊಂದು ಕಾರಣ ಸಿಗುತ್ತದೆ.

ಇದೇ ಲೆಕ್ಕವನ್ನು 12 ಮೀಟರಿನ ತೊಲೆಗೆ ತಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಅಲ್ಲಿ ಸ್ವಂತ ತೂಕದ ಪಾಲು ಚಿಕ್ಕದು, ಎತ್ತಲು ಕೇಬಲಿಗೆ ಹೆಚ್ಚೇನಿಲ್ಲ. ಕೇಬಲು ಗಿಡ್ಡವಾದರೂ ಆಂಕರ್ ಎರಡು ಬೇಕೇ ಬೇಕು, ಜಾಕ್ ಏರಿಸಿ ಇಳಿಸುವ ಶ್ರಮ ಅಷ್ಟೇ. ಜೊತೆಗೆ ಜಾಕ್ ಬಿಟ್ಟಾಗ ಆಂಕರಿನ ಬೆಣೆಗಳು ಕಚ್ಚಿಕೊಳ್ಳುವ ಮುನ್ನ ಕೇಬಲು ಸುಮಾರು 6 ಮಿ.ಮೀ. ಒಳಗೆ ಜಾರುತ್ತದೆ. ಅದನ್ನು ಉದ್ದಕ್ಕೂ ಹಂಚಿದರೆ 30 ಮೀಟರ್ ಕೇಬಲಿನಲ್ಲಿ ಚದರ ಮಿ.ಮೀ.ಗೆ 4 ಕಿಲೊ ನಷ್ಟ, 12 ಮೀಟರಿನಲ್ಲಿ 10 ಕಿಲೊ. ಕಟ್ಟಿದ ಮೇಲೆ ಎಳೆಯುವ ವಿಧಾನಕ್ಕೆ ಗಿಡ್ಡ ಅಂಕಣ ಒಗ್ಗದು. ಇಲ್ಲಿ ಒಬ್ಬರು ತಡೆದು ಕೇಳಬಹುದು: ನಮ್ಮ ಬೀದಿಯ ವಿದ್ಯುತ್ ಕಂಬ, ರೈಲು ಹಳಿಯಡಿಯ 2.75 ಮೀಟರಿನ ಸ್ಲೀಪರು ಇವೂ ಬಿಗಿದ ಕಾಂಕ್ರೀಟೇ ಅಲ್ಲವೆ? ಹೌದು. ಆದರೆ ಅಲ್ಲಿ ಕಾರ್ಖಾನೆಯಲ್ಲಿ ತಂತಿಯನ್ನು ಮೊದಲು ಎಳೆದಿಟ್ಟು, ಸಾಲಾಗಿ ಇಟ್ಟ ಅಚ್ಚುಗಳಲ್ಲಿ ಕಾಂಕ್ರೀಟು ತುಂಬಿ, ಗಟ್ಟಿಯಾದ ಮೇಲೆ ತಂತಿ ಕತ್ತರಿಸುತ್ತಾರೆ. ಆಂಕರೇ ಇಲ್ಲ, ತಂತಿ ಕಾಂಕ್ರೀಟನ್ನು ಕಚ್ಚಿ ಹಿಡಿದಿರುತ್ತದೆ. ಒಂದು ಸಲ ಎಳೆದದ್ದು ಹತ್ತಾರು ಕಂಬಗಳಿಗೆ ಸಾಕು. ಲಕ್ಷಗಟ್ಟಲೆ ಒಂದೇ ಬಗೆಯ ವಸ್ತು ಬೇಕಾದ ಕಡೆ ಅಚ್ಚಿನ ಖರ್ಚು ಕರಗಿಹೋಗುತ್ತದೆ. ಆದ್ದರಿಂದ ಗಡಿ ಈಚೆಗೆ ಸರಿಯುವುದು ಪುನರಾವರ್ತನೆಯಿದ್ದಲ್ಲಿ. ಒಂದೇ ಒಂದು 15 ಮೀಟರಿನ ಸೇತುವೆ ಕಟ್ಟುವ ಊರಿಗೆ ಈ ಮಾತು ಅನ್ವಯಿಸದು.

ಎರಡನೆಯ ಆಕ್ಷೇಪ ಚರಿತ್ರೆಯದು. ಇದೇ ಫ್ರೆಸಿನೆ 1930ರಲ್ಲಿ ಮುಗಿಸಿದ ಪ್ಲೂಗಾಸ್ಟೆಲ್ ಸೇತುವೆಯ ಮೂರು ಕಮಾನುಗಳು ಒಂದೊಂದೂ 180 ಮೀಟರಿಗೂ ಮಿಗಿಲು, ಅವುಗಳಲ್ಲಿ ಬಿಗಿದ ಕೇಬಲಿಲ್ಲ. ಹಾಗಿದ್ದರೆ ಸಾಮಾನ್ಯ ಕಾಂಕ್ರೀಟು ದೂರ ಹೋಗಲಾರದು ಎನ್ನುವುದು ಹೇಗೆ? ಕಮಾನಿನಲ್ಲಿ ಸ್ವಂತ ತೂಕವೇ ಒತ್ತಾಗುತ್ತದೆ, ಕಾಂಕ್ರೀಟಿಗೆ ಬೇಕಾದದ್ದೂ ಅದೇ. ತೂಕ ಅಲ್ಲಿ ಶತ್ರುವಲ್ಲ. ಹಾಗಾಗಿ ಈ ಉದಾಹರಣೆ ನನ್ನ ವಾದಕ್ಕೇ ನೆರವಾಗುತ್ತದೆ. ಆದರೆ ಕಮಾನು ದಡಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಆ ನೂಕನ್ನು ತಡೆಯುವ ಬಂಡೆ ಬೇಕು. ಮತ್ತೆ ಕಟ್ಟುವ ತನಕ ಹೊರುವ ಸೆಂಟ್ರಿಂಗ್ ಬೇಕು. ಪ್ಲೂಗಾಸ್ಟೆಲ್‌ನಲ್ಲಿ ಒಂದೇ ಮರದ ಸೆಂಟ್ರಿಂಗನ್ನು ನೀರಿನ ಮೇಲೆ ತೇಲಿಸಿ ಮೂರು ಕಮಾನಿಗೂ ಬಳಸಿದ್ದರಿಂದಲೇ ಅದು ಕೈಗೆಟುಕಿತು. ಬಂಡೆಯ ಕಣಿವೆ ಇದ್ದಲ್ಲಿ ಕಮಾನನ್ನು ಇಂದೂ ಲೆಕ್ಕ ಹಾಕಿ ನೋಡಬೇಕು.

ನನಗೆ ಎಲ್ಲಕ್ಕಿಂತ ಭಾರವಾಗಿ ತೋರುವ ಆಕ್ಷೇಪ ಬಾಳಿಕೆಯದು. ಆರ್‌ಸಿಸಿ ತೊಲೆ ಕೆಡುವಾಗ ಹೇಳಿ ಕೆಡುತ್ತದೆ. ಬಿರುಕು ಅಗಲವಾಗುತ್ತದೆ, ಕೆಂಪು ಕಲೆ ಇಳಿಯುತ್ತದೆ, ಚಕ್ಕೆ ಉದುರುತ್ತದೆ. ಬಿಗಿದ ತೊಲೆಯ ಕೇಬಲು ಕೊಳವೆಯೊಳಗೆ ಕಣ್ಣಿಗೆ ಬೀಳದೆ ತುಕ್ಕು ಹಿಡಿಯಬಹುದು. ಅಷ್ಟು ಎಳೆತದಲ್ಲಿರುವ ಸಣ್ಣ ತಂತಿ ಸ್ವಲ್ಪ ಸವೆದರೂ ಪಟ್ಟನೆ ತುಂಡಾಗುತ್ತದೆ. ವೇಲ್ಸಿನ ಇನಿಸ್-ಇ-ಗ್ವಾಸ್ ಸೇತುವೆ 1985ರ ಡಿಸೆಂಬರಿನಲ್ಲಿ ಮುನ್ಸೂಚನೆಯಿಲ್ಲದೆ ಬಿತ್ತು. ನಮ್ಮ ಪಕ್ಕದ ಗೋವಾದಲ್ಲಿ ಮಾಂಡೋವಿ ನದಿಯ ಸೇತುವೆ ಕಟ್ಟಿದ ಎರಡು ದಶಕದೊಳಗೆ, 1986ರ ಜುಲೈ 5ರಂದು ಕುಸಿಯಿತು. ಎರಡರಲ್ಲೂ ತುಕ್ಕು ಹಿಡಿದ ಕೇಬಲು ಮುಖ್ಯ ಕಾರಣ. ಬ್ರಿಟನ್ 1992ರಲ್ಲಿ ಕೊಳವೆಗೆ ಗ್ರೌಟ್ ತುಂಬುವ ಬಗೆಯ ಹೊಸ ಸೇತುವೆಗಳನ್ನೇ ಕೆಲವು ವರ್ಷ ನಿಲ್ಲಿಸಿತು. ದೋಷದ ಬೇರು ಬಹುಸಲ ಗ್ರೌಟಿನಲ್ಲಿರುತ್ತದೆ. ಸಿಮೆಂಟಿನ ಹಾಲಿನಲ್ಲಿ ನೀರು ಹೆಚ್ಚಾದರೆ ಸಿಮೆಂಟು ತಳಕ್ಕೆ ಕೂತು, ನೀರು ಕೊಳವೆಯ ಎತ್ತರದ ಜಾಗಕ್ಕೆ, ಎಂದರೆ ಆಂಕರಿನ ಬಳಿಗೆ ಸೇರುತ್ತದೆ. ಆಮೇಲೆ ಅದು ಇಂಗಿ ಪೊಳ್ಳು ಉಳಿಯುತ್ತದೆ. ಮೇಲಿನ ರಸ್ತೆಯ ಸಂದಿನಿಂದ ಸೋರಿದ ನೀರಿಗೆ, ಕರಾವಳಿಯಲ್ಲಾದರೆ ಉಪ್ಪಿಗೆ, ಆ ಪೊಳ್ಳೇ ಮನೆ. ಕೇಬಲಿನ ಗೆರೆಯುದ್ದಕ್ಕೂ ಬಿದ್ದ ಬಿರುಕು, ಆಂಕರ್ ಮುಚ್ಚಿದ ಕಾಂಕ್ರೀಟಿನಲ್ಲಿ ಒದ್ದೆ ಅಥವಾ ಬಿಳಿಯ ಕಲೆ ಕಂಡರೆ ಸುಮ್ಮನಿರಬಾರದು. ಕೊಳವೆಗೆ ಸಣ್ಣ ತೂತು ಕೊರೆದು ಒಳಗೆ ಕ್ಯಾಮೆರಾ ಇಳಿಸಿ ನೋಡಬೇಕು. ಇದಕ್ಕೆಲ್ಲ ಪರಿಹಾರ ಇದೆ: ಬಿಗಿ ಪ್ಲಾಸ್ಟಿಕ್ ಕೊಳವೆ, ನೀರು ಬಿಡದ ಗ್ರೌಟು, ಗಾಳಿ ಎಳೆದು ತುಂಬುವ ಕ್ರಮ, ಎಳೆದು ಹೆಚ್ಚು ದಿನ ಬಿಡದೆ ತುಂಬುವ ಶಿಸ್ತು. ಆದರೆ ಪರಿಹಾರ ನಡೆಯುವುದು ನಿಂತು ನೋಡುವವರು ಇದ್ದಾಗ. ಆ ಮೇಲ್ವಿಚಾರಣೆ ಸಿಗದ ಕಡೆ, 20 ಮೀಟರಿನ ಒಳಗಿನ ಅಂಕಣಗಳಲ್ಲಿ, ತುಸು ದುಬಾರಿಯಾದರೂ ಆರ್‌ಸಿಸಿಯೇ ಅಗ್ಗ ಎಂದು ನಾನು ಹೇಳುತ್ತೇನೆ. ಐವತ್ತು ವರ್ಷದ ಲೆಕ್ಕದಲ್ಲಿ ಎಚ್ಚರಿಸಿ ಕೆಡುವ ತೊಲೆಗೆ ಬೆಲೆಯಿದೆ.

ಕ್ರೀಪ್ ಕೂಡ ಫ್ರೆಸಿನೆಯ ಕಾಲಕ್ಕೇ ಮುಗಿದ ಕತೆಯಲ್ಲ. ಪಲಾವು ದ್ವೀಪದ ಕೊರೊರ್ ಸೇತುವೆ 1977ರಲ್ಲಿ 241 ಮೀಟರ್ ಅಂಕಣವನ್ನು ಬಿಗಿದ ಪೆಟ್ಟಿಗೆ ತೊಲೆಯಲ್ಲೇ ದಾಟಿತು. ಎರಡು ದಶಕದೊಳಗೆ ಅದರ ನಡು ಒಂದು ಮೀಟರಿಗೂ ಹೆಚ್ಚು ಜೋತುಬಿತ್ತು. 1996ರಲ್ಲಿ ಹೊಸ ಕೇಬಲು ಹಾಕಿ ಸರಿಪಡಿಸಿದ ಕೆಲವೇ ತಿಂಗಳಲ್ಲಿ ಅದು ಕುಸಿಯಿತು. ತೀರ ದೊಡ್ಡ ಅಂಕಣದಲ್ಲಿ ಸ್ವಂತ ತೂಕ ಬಿಗಿದ ತೊಲೆಯನ್ನೂ ಹಿಡಿಯುತ್ತದೆ, ಅದಕ್ಕೂ ಒಂದು ಗಡಿಯಿದೆ. ಅದರಾಚೆ ತೊಲೆಯನ್ನು ಮೇಲಿಂದ ಹಿಡಿಯುವ ಕೇಬಲು ಸೇತುವೆಗಳ ಕಾಲ.

ಕೊನೆಯದಾಗಿ, ನಮ್ಮ ತಾಲ್ಲೂಕುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಆಯ್ಕೆ. 40 ಮೀಟರ್ ಅಗಲದ ಹಳ್ಳ. ನಡುವೆ ಒಂದು ಕಂಬ ನಿಲ್ಲಿಸಿ 20 ಮೀಟರಿನ ಎರಡು ಆರ್‌ಸಿಸಿ ಅಂಕಣ ಕಟ್ಟಬೇಕೆ, ಕಂಬವಿಲ್ಲದೆ 40 ಮೀಟರಿನ ಒಂದೇ ಬಿಗಿದ ಅಂಕಣವೆ? ಮೇಲಿನ ತೊಲೆಗಳನ್ನಷ್ಟೇ ಹೋಲಿಸಿದರೆ ಎರಡು ಆರ್‌ಸಿಸಿ ಅಂಕಣಗಳೇ ಅಗ್ಗವೆಂದು ಕಾಣುತ್ತದೆ. ತೀರ್ಪು ಇರುವುದು ಆ ನಡುಗಂಬದ ಬುಡದಲ್ಲಿ. ಬೋರ್ ಹಾಕಿ ನೋಡಿದಾಗ ಮೂರು ಮೀಟರಿನಲ್ಲಿ ಗಟ್ಟಿ ಬಂಡೆ ಸಿಕ್ಕಿದರೆ, ಬೇಸಿಗೆಯಲ್ಲಿ ಹಳ್ಳ ಒಣಗುತ್ತಿದ್ದರೆ, ಸ್ಥಳೀಯ ಗುತ್ತಿಗೆದಾರನ ಬಳಿ ಜಾಕ್ ಇಲ್ಲದಿದ್ದರೆ, ಎರಡು ಆರ್‌ಸಿಸಿ ಅಂಕಣಗಳನ್ನು ಅನುಮಾನವಿಲ್ಲದೆ ಕಟ್ಟಬಹುದು. ಅದೇ ಬೋರಿನಲ್ಲಿ ಹದಿನೈದು ಮೀಟರ್ ಮರಳೇ ಬಂದರೆ, ಪ್ರವಾಹ ಮರಳನ್ನು ಕೊರೆದು ಸಾಗಿಸುವ ಹೊಳೆಯಾಗಿದ್ದರೆ, ಆ ಒಂದು ಕಂಬಕ್ಕಾಗಿ ಬಾವಿಯಿಳಿಸುವ ಅಥವಾ ಪೈಲು ಹೊಡೆಯುವ ಖರ್ಚು ಕೇಬಲಿನ ಖರ್ಚನ್ನು ಸುಲಭವಾಗಿ ಮೀರುತ್ತದೆ. ಹೊಳೆಯ ನಡುವಿನ ಆ ಬೋರಿನ ವರದಿ ಕೈಗೆ ಬರುವ ತನಕ ತೊಲೆಯ ಬಗೆಯನ್ನು ಅಂದಾಜುಪಟ್ಟಿಯಲ್ಲಿ ಬರೆಯದಿರುವುದು ಒಳ್ಳೆಯದು.